ಅಗಸೆ, ಆಕ್ರೋಟ, ಬಂಗಡೆ: ಯಾವುದರಿಂದ ಎಷ್ಟು ಒಮೆಗಾ-3 ಮೈಗೆ ಹತ್ತುತ್ತದೆ?

ಪುಣೆ, ಮುಂಬೈ ಕಡೆಯ ನಮ್ಮ ಕನ್ನಡದ ಮನೆಗಳಲ್ಲಿ ಅಗಸೆಗೆ ಈಗ ಹೊಸ ಮರ್ಯಾದೆ ಬಂದಿದೆ. ಊರಲ್ಲಿ ಅದು ರೊಟ್ಟಿ ಜೊತೆ ತಿನ್ನುವ ಚಟ್ನಿಪುಡಿ. ಇಲ್ಲಿ ಜವಸ್ ಅಂತ ಮರಾಠಿಯಲ್ಲಿ ಬರೆದ ಪೊಟ್ಟಣದ ಮೇಲೆ ‘ಒಮೆಗಾ-3’ ಎಂಬ ದೊಡ್ಡ ಅಕ್ಷರ. ‘ಮೀನು ತಿನ್ನೋರಿಗೆ ಸಿಗೋದೆಲ್ಲ ನಮಗೆ ಅಗಸೆಯಲ್ಲೇ ಸಿಗುತ್ತೆ, ಅಲ್ವಾ?’ ಎಂದು ಶಾಕಾಹಾರಿ ಗೆಳತಿಯರು ಕೇಳುತ್ತಾರೆ. ಅರ್ಧ ಸಿಗುತ್ತದೆ, ಅರ್ಧ ಸಿಗುವುದಿಲ್ಲ. ಆ ಸಿಗದ ಅರ್ಧ ಯಾವುದು, ಅದು ಯಾರಿಗೆ ಮುಖ್ಯ, ಅದಕ್ಕೆ ಏನು ಮಾಡಬಹುದು ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಒಂದೇ ಹೆಸರು, ಮೂರು ಕೊಬ್ಬು

ಒಮೆಗಾ-3 ಅನ್ನುವುದು ಒಂದೇ ವಸ್ತುವಲ್ಲ. ಊಟದ ಲೆಕ್ಕಕ್ಕೆ ಬರುವಂಥವು ಮೂರು. ಅಗಸೆ, ಆಕ್ರೋಟ, ಚಿಯಾ, ಸಾಸಿವೆ ಎಣ್ಣೆಯಲ್ಲಿ ಇರುವುದು ಎಎಲ್‌ಎ. ಇದು 18 ಇಂಗಾಲದ ಸರಪಳಿ. ಮೀನಿನಲ್ಲಿ ಇರುವುದು ಇಪಿಎ ಮತ್ತು ಡಿಎಚ್‌ಎ. ಇವು 20 ಮತ್ತು 22 ಇಂಗಾಲದ ಉದ್ದ ಸರಪಳಿಗಳು.

ಎಎಲ್‌ಎಯನ್ನು ನಮ್ಮ ಮೈ ತಾನಾಗಿ ಮಾಡಿಕೊಳ್ಳಲಾರದು. ಊಟದಿಂದಲೇ ಬರಬೇಕು. ಹಾಗಾಗಿ ಅಗಸೆಗೆ ಅದರದ್ದೇ ಬೆಲೆ ಇದೆ, ಮೀನು ತಿನ್ನುವವರಿಗೂ ಇದೆ. ಆದರೆ ಮೆದುಳಿನ ಮತ್ತು ಕಣ್ಣಿನ ರೆಟಿನಾದ ಜೀವಕೋಶಗಳ ಪೊರೆಯಲ್ಲಿ ಸೇರಿಕೊಳ್ಳುವುದು ಡಿಎಚ್‌ಎ. ಉರಿಯೂತ, ರಕ್ತ ಹೆಪ್ಪುಗಟ್ಟುವುದು ಇಂಥ ಕೆಲಸಗಳನ್ನು ಹದದಲ್ಲಿ ಇಡುವ ಪದಾರ್ಥಗಳು ಹುಟ್ಟುವುದು ಹೆಚ್ಚಾಗಿ ಇಪಿಎಯಿಂದ. ಎಎಲ್‌ಎ ಈ ಕೆಲಸಗಳಿಗೆ ಬರಬೇಕಾದರೆ ಮೊದಲು ಇಪಿಎ ಆಗಬೇಕು, ಆಮೇಲೆ ಡಿಎಚ್‌ಎ ಆಗಬೇಕು.

ಮೈಯಲ್ಲಿ ಆ ದಾರಿ ಇದೆ. ಆದರೆ ಬಹಳ ಇಕ್ಕಟ್ಟು.

ದಾರಿಯಲ್ಲಿ ಎಲ್ಲೆಲ್ಲಿ ಸೋರುತ್ತದೆ

ತಿಂದ ಎಎಲ್‌ಎಯಲ್ಲಿ ಒಂದು ದೊಡ್ಡ ಪಾಲು ಒಂದೆರಡು ದಿನದಲ್ಲೇ ಉರಿದುಹೋಗುತ್ತದೆ. ಅಂದರೆ ಬೇರೆ ಎಣ್ಣೆಯ ಹಾಗೆ ಸುಮ್ನೆ ಶಕ್ತಿಗಾಗಿ ಖರ್ಚಾಗುತ್ತದೆ. ಗುರುತು ಹಚ್ಚಿದ ಇಂಗಾಲವಿರುವ ಎಎಲ್‌ಎ ತಿನ್ನಿಸಿ, ಉಸಿರಿನಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡ್ ಅಳೆದು ಇದನ್ನು ಕಂಡುಕೊಂಡಿದ್ದಾರೆ. ಇನ್ನೊಂದು ಪಾಲು ಮೈಯ ಕೊಬ್ಬಿನಲ್ಲಿ ಶೇಖರವಾಗಿ ಕೂರುತ್ತದೆ.

ಉಳಿದದ್ದು ಲಿವರ್‌ನಲ್ಲಿ ಮುಂದಕ್ಕೆ ಹೋಗಬೇಕು. ಮೊದಲ ಬಾಗಿಲು ಡೆಲ್ಟಾ-6 ಡಿಸ್ಯಾಚುರೇಸ್ ಎಂಬ ಕಿಣ್ವ. ಇಡೀ ದಾರಿಯಲ್ಲಿ ಅತಿ ನಿಧಾನದ ಕೆಲಸ ಇದರದ್ದು. ಮೇಲಿಂದ ಈ ಬಾಗಿಲಿಗೆ ಎಎಲ್‌ಎ ಒಂದೇ ಬರುವುದಿಲ್ಲ. ಸೂರ್ಯಕಾಂತಿ, ಕುಸುಬೆ, ಸೋಯಾ ಎಣ್ಣೆಯಲ್ಲಿ ತುಂಬಿರುವ ಲಿನೋಲಿಕ್ ಆಮ್ಲವೂ ಬರುತ್ತದೆ. ಇದು ಒಮೆಗಾ-6 ಗುಂಪಿನದು. ಎರಡಕ್ಕೂ ಅದೇ ಕಿಣ್ವ ಬೇಕು. ಕಿಣ್ವಕ್ಕೆ ಎಎಲ್‌ಎ ಮೇಲೆ ಒಲವು ಜಾಸ್ತಿಯೇ. ಆದರೆ ನಮ್ಮ ಊಟದಲ್ಲಿ ಲಿನೋಲಿಕ್ ಹತ್ತು, ಇಪ್ಪತ್ತು ಪಟ್ಟು ಇದ್ದರೆ ಆ ಒಲವು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಇಪಿಎವರೆಗೆ ಹೇಗೋ ಬಂದರೂ ಡಿಎಚ್‌ಎ ಇನ್ನೂ ದೂರ. ಸರಪಳಿ ಮೊದಲು 24 ಇಂಗಾಲದವರೆಗೆ ಬೆಳೆಯಬೇಕು. ಮತ್ತೆ ಅದೇ ಡೆಲ್ಟಾ-6 ಬಾಗಿಲನ್ನು ಎರಡನೇ ಸಲ ದಾಟಬೇಕು. ಆಮೇಲೆ ಜೀವಕೋಶದ ಇನ್ನೊಂದು ಭಾಗಕ್ಕೆ ಹೋಗಿ ಎರಡು ಇಂಗಾಲ ಕತ್ತರಿಸಿಕೊಂಡು 22ಕ್ಕೆ ಇಳಿಯಬೇಕು. ಡಿಎಚ್‌ಎ ಅಷ್ಟು ಕಮ್ಮಿ ಹುಟ್ಟುವುದು ಇದಕ್ಕೇ.

ಹಾಗಾದರೆ ಎಷ್ಟು ಹುಟ್ಟುತ್ತದೆ? ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ 2002ರಲ್ಲಿ ಪ್ರಕಟವಾದ ಅಳತೆಗಳು ಈಗಲೂ ಚರ್ಚೆಯಲ್ಲಿವೆ. ಯುವಕರಲ್ಲಿ ಎಎಲ್‌ಎಯ ಸುಮಾರು ಶೇಕಡಾ 8ರಷ್ಟು ಇಪಿಎ ಆಯಿತು, ಡಿಎಚ್‌ಎ ಸೊನ್ನೆಯಿಂದ 4ರ ಒಳಗೆ. ಯುವತಿಯರಲ್ಲಿ ಇಪಿಎ 21, ಡಿಎಚ್‌ಎ 9. ಈಸ್ಟ್ರೋಜನ್ ಹಾರ್ಮೋನು ಈ ದಾರಿಯನ್ನು ಸ್ವಲ್ಪ ಸಡಿಲ ಮಾಡುತ್ತದೆ ಅನ್ನುವ ವಿವರಣೆ ಇದೆ. ಮಗುವಿಗೆ ಡಿಎಚ್‌ಎ ಕೊಡಬೇಕಾದವಳು ತಾಯಿ ತಾನೆ, ಹಾಗಾಗಿ ಅದು ಒಪ್ಪುವ ಮಾತೇ.

ಈ ‘9’ ಅನ್ನು ಹಿಡಿದುಕೊಂಡು ‘ಹೆಂಗಸರಿಗೆ ಅಗಸೆ ಸಾಕು’ ಎಂದು ಬರೆಯುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಅಳೆದದ್ದು ಬೆರಳೆಣಿಕೆಯ ಜನರನ್ನು, ಅದೂ ಕೆಲವು ವಾರಗಳ ಮಟ್ಟಿಗೆ, ರಕ್ತದಲ್ಲಿ ಕಂಡ ಗುರುತಿನ ಲೆಕ್ಕದಲ್ಲಿ. ಜನರಿಗೆ ವಾರಗಟ್ಟಲೆ, ತಿಂಗಳುಗಟ್ಟಲೆ ಅಗಸೆ ಎಣ್ಣೆ ಕೊಟ್ಟು ರಕ್ತ ನೋಡಿದ ಬೇರೆ ಪ್ರಯೋಗಗಳು ಬೇಕಾದಷ್ಟಿವೆ. ಅವುಗಳಲ್ಲಿ ಮತ್ತೆ ಮತ್ತೆ ಕಂಡದ್ದು ಒಂದೇ: ಎಎಲ್‌ಎ ಏರುತ್ತದೆ, ಇಪಿಎ ಸ್ವಲ್ಪ ಏರುತ್ತದೆ, ಡಿಎಚ್‌ಎ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತದೆ. ಸಾಮಾನ್ಯ ಊಟದಲ್ಲಿ ಇಪಿಎಗೆ ಶೇಕಡಾ 5ರ ಆಸುಪಾಸು, ಡಿಎಚ್‌ಎಗೆ ಶೇಕಡಾ ಅರ್ಧ ಎಂದು ಹಿಡಿದು ಲೆಕ್ಕ ಹಾಕುವುದು ಕ್ಷೇಮ. ಮನೆಯ ತೀರ್ಮಾನಕ್ಕೆ ನಾನು ಇದನ್ನೇ ಬಳಸುತ್ತೇನೆ.

ಕೋಥ್ರೂಡಿನ ಒಂದು ಮನೆಯ ಲೆಕ್ಕ

ವಿಜಯಪುರದಿಂದ ಮದುವೆಯಾಗಿ ಪುಣೆಯ ಕೋಥ್ರೂಡಿಗೆ ಬಂದ ಒಬ್ಬಳು ಹುಡುಗಿ. ಅಪ್ಪಟ ಶಾಕಾಹಾರಿ, ಮೊಟ್ಟೆಯೂ ಇಲ್ಲ. ಈಗ ಬಸುರಿ, ಐದನೇ ತಿಂಗಳು. ಅತ್ತೆ ದಿನಾ ಬೆಳಿಗ್ಗೆ ಒಂದು ದೊಡ್ಡ ಚಮಚ ಅಗಸೆ ಪುಡಿಯನ್ನು ಮಜ್ಜಿಗೆಗೆ ಕಲಸಿ ಕೊಡುತ್ತಾರೆ. ‘ವೈನಿ, ಇದು ಮೀನಿಗೆ ಸಮ ಆಗ್ತದ ಏನು?’ ಎಂದು ನನ್ನನ್ನು ಕೇಳಿದಳು.

ಒಂದು ತುಂಬಿದ ದೊಡ್ಡ ಚಮಚ ಅಂದರೆ ಸುಮಾರು 10 ಗ್ರಾಂ ಅಗಸೆ. ಅಗಸೆಯ ತೂಕದಲ್ಲಿ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಎಎಲ್‌ಎ. ಅಂದರೆ ಅವಳಿಗೆ ಸಿಗುವುದು ಸುಮಾರು 2.2 ಗ್ರಾಂ. ಬಸುರಿಗೆ ದಿನಕ್ಕೆ ಒಂದೂವರೆ ಗ್ರಾಂ ಎಎಲ್‌ಎ ಇದ್ದರೆ ಸಾಕು. ಆ ಮಟ್ಟಿಗೆ ಅತ್ತೆಯ ಚಮಚ ಸರಿಯಾಗಿಯೇ ಇದೆ.

ಈಗ ಉದ್ದ ಸರಪಳಿಯ ಲೆಕ್ಕ. 2.2 ಗ್ರಾಂ ಅಂದರೆ 2,200 ಮಿಲಿಗ್ರಾಂ. ಅದರಲ್ಲಿ ಶೇಕಡಾ 5 ಇಪಿಎ ಆದರೆ 110 ಮಿಲಿಗ್ರಾಂ. ಪರವಾಗಿಲ್ಲ. ಶೇಕಡಾ ಅರ್ಧ ಡಿಎಚ್‌ಎ ಆದರೆ 11 ಮಿಲಿಗ್ರಾಂ. ಬಸುರಿಯರಿಗೆ, ಹಾಲೂಡಿಸುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಎಫ್‌ಎಒ ಹೇಳುವ ಕನಿಷ್ಠ ಅಳತೆ ದಿನಕ್ಕೆ 200 ಮಿಲಿಗ್ರಾಂ ಡಿಎಚ್‌ಎ. ಬಸುರಿನಲ್ಲಿ ಈಸ್ಟ್ರೋಜನ್ ಜಾಸ್ತಿ, ಹಾಗಾಗಿ 11ರ ಬದಲು 30 ಅಥವಾ 40 ಅಂತಲೇ ಇಟ್ಟುಕೊಳ್ಳಿ. ಆದರೂ 200 ದೂರವೇ ಉಳಿಯುತ್ತದೆ.

‘ಹಾಗಾದ್ರ ಚಮಚ ಜಾಸ್ತಿ ಮಾಡೋಣ’ ಅಂದಳು. ಶೇಕಡಾ ಅರ್ಧದ ಲೆಕ್ಕದಲ್ಲಿ 200 ಮಿಲಿಗ್ರಾಂ ಬೇಕೆಂದರೆ 40 ಗ್ರಾಂ ಎಎಲ್‌ಎ ಬೇಕು. ಅದಕ್ಕೆ ದಿನಕ್ಕೆ 180 ಗ್ರಾಂ ಅಗಸೆ. ಆಕ್ರೋಟದಲ್ಲಾದರೆ ಸುಮಾರು 440 ಗ್ರಾಂ. ಅಷ್ಟು ಆಕ್ರೋಟದ ಕ್ಯಾಲರಿ ಅವಳ ಇಡೀ ದಿನದ ಊಟವನ್ನೂ ಮೀರುತ್ತದೆ. ಅಷ್ಟು ತಿಂದರೂ ಡಿಎಚ್‌ಎ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಎಎಲ್‌ಎ ಬಹಳ ಜಾಸ್ತಿಯಾದರೆ ಅದೇ ಡೆಲ್ಟಾ-6 ಬಾಗಿಲಲ್ಲಿ ಎರಡನೇ ಸಲ ದಾಟಬೇಕಾದ 24 ಇಂಗಾಲದ ಸರಪಳಿಗೂ ಎಎಲ್‌ಎಯೇ ಅಡ್ಡ ನಿಲ್ಲುತ್ತದೆ. ಮೇಲಿಂದ ಬಸುರಿನಲ್ಲಿ ಅಗಸೆಯನ್ನು ಊಟದ ಅಳತೆಯಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು. ಅದರಲ್ಲಿ ಈಸ್ಟ್ರೋಜನ್ ಹಾಗೆ ಸ್ವಲ್ಪ ಕೆಲಸ ಮಾಡುವ ಲಿಗ್ನಾನ್‌ಗಳೂ ಇವೆ.

ಅದೇ ಬಿಲ್ಡಿಂಗಿನಲ್ಲಿ ಉಡುಪಿ ಕಡೆಯ ಒಂದು ಕುಟುಂಬವಿದೆ. ಅವರ ಮನೆಯಾಕೆ ಗಣೇಶ ಪೇಠೆಯ ಮೀನು ಮಾರ್ಕೆಟ್ಟಿನಿಂದ ವಾರಕ್ಕೆ ಎರಡು ಸಲ ತಾರ್ಲೆ ಅಥವಾ ಬಂಗಡೆ ತರುತ್ತಾರೆ. ಒಂದು ಊಟಕ್ಕೆ ಮುಳ್ಳು ತೆಗೆದು 100 ಗ್ರಾಂ ಮಾಂಸ ಅಂತ ಹಿಡಿಯಿರಿ. ಕೊಬ್ಬು ತುಂಬಿದ ತಾರ್ಲೆಯಲ್ಲಿ ಇಪಿಎ, ಡಿಎಚ್‌ಎ ಕೂಡಿ ಸುಮಾರು 1 ಗ್ರಾಂ ಸಿಗುತ್ತದೆ. ವಾರಕ್ಕೆ 2 ಗ್ರಾಂ, ಅಂದರೆ ದಿನಕ್ಕೆ ಸರಾಸರಿ 285 ಮಿಲಿಗ್ರಾಂ. ವಯಸ್ಕರಿಗೆ ಸಾಮಾನ್ಯವಾಗಿ ಹೇಳುವ ಅಳತೆ 250. ಎರಡು ಊಟದಲ್ಲಿ ವಾರದ ಕೆಲಸ ಮುಗಿಯಿತು. ಯಾವ ಬಾಗಿಲನ್ನೂ ದಾಟಬೇಕಿಲ್ಲ, ಎಲ್ಲ ಸಿದ್ಧವಾಗಿಯೇ ಬಂದಿರುತ್ತದೆ.

ಇದರಿಂದ ಹೆದರಬೇಕಾ?

ಇಲ್ಲ. ಶಾಕಾಹಾರಿಗಳ ರಕ್ತದಲ್ಲಿ ಡಿಎಚ್‌ಎ ಕಮ್ಮಿ ಇರುತ್ತದೆ ಅನ್ನುವುದು ನಿಜ. ಆದರೆ ಅದರಿಂದ ಆರೋಗ್ಯವಂತ ವಯಸ್ಕರ ಮೆದುಳು ಸೊರಗುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ವಯಸ್ಕರ ಮೆದುಳು ತನ್ನ ಡಿಎಚ್‌ಎಯನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತದೆ. ದಿನಕ್ಕೆ ಅದು ಬದಲಿಸಿಕೊಳ್ಳುವುದು ಕೆಲವೇ ಮಿಲಿಗ್ರಾಂ. ಅಷ್ಟನ್ನು ಒಂದು ಚಮಚ ಅಗಸೆ ಕೊಟ್ಟೀತು.

ಮಗು ಬೆಳೆಯುವ ಹೊತ್ತಿನಲ್ಲಿ ಮಾತು ಬೇರೆ. ಬಸುರಿನ ಕೊನೆಯ ಮೂರು ತಿಂಗಳು ಮತ್ತು ಹುಟ್ಟಿದ ಮೊದಲ ಎರಡು ವರ್ಷ ಮಗುವಿನ ಮೆದುಳು ಡಿಎಚ್‌ಎಯನ್ನು ವೇಗವಾಗಿ ಎಳೆದುಕೊಳ್ಳುತ್ತದೆ. ಬಸುರಿನಲ್ಲಿ ಇಪಿಎ, ಡಿಎಚ್‌ಎ ಕೊಟ್ಟ 70 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2018ರ ಕಾಕ್ರೇನ್ ವಿಮರ್ಶೆಯಲ್ಲಿ, 34 ವಾರಕ್ಕೂ ಮುಂಚೆ ಆಗುವ ಹೆರಿಗೆ ನೂರಕ್ಕೆ 4.6ರಿಂದ 2.7ಕ್ಕೆ ಇಳಿದದ್ದು ಕಂಡಿದೆ. ಇದು ಅಗಸೆಯಿಂದ ಬಂದ ಫಲ ಅಲ್ಲ. ಹಾಗಾಗಿ ‘ಸಮ ಆಗುತ್ತದಾ’ ಎಂಬ ಪ್ರಶ್ನೆಗೆ ನನ್ನ ಉತ್ತರ ವಯಸ್ಸು ನೋಡಿ ಬದಲಾಗುತ್ತದೆ. ಅತ್ತೆಗೆ ಅಗಸೆ ಸಾಕಾದೀತು, ಸೊಸೆಗೆ ಸಾಲದು.

ಎಣ್ಣೆ ಡಬ್ಬಿಯೂ ಆಯ್ಕೆಯ ಒಂದು ಭಾಗ

ಅಗಸೆ ತಿನ್ನುವವರು ಚಮಚವನ್ನು ಎಣಿಸುತ್ತಾರೆ, ಒಗ್ಗರಣೆ ಎಣ್ಣೆಯನ್ನು ಎಣಿಸುವುದಿಲ್ಲ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ 3 ಲೀಟರ್ ಎಣ್ಣೆ ಅಂದರೆ ಒಬ್ಬರಿಗೆ ದಿನಕ್ಕೆ 25 ಮಿಲಿಲೀಟರ್, ತೂಕದಲ್ಲಿ 23 ಗ್ರಾಂ. ಅದು ಸೂರ್ಯಕಾಂತಿಯಾದರೆ ಲಿನೋಲಿಕ್ ಸುಮಾರು 14 ಗ್ರಾಂ. ನಮ್ಮ ಉತ್ತರ ಕರ್ನಾಟಕದವರಿಗೂ ಮಹಾರಾಷ್ಟ್ರದವರಿಗೂ ಪ್ರೀತಿಯ ಕುಸುಬೆ ಎಣ್ಣೆಯಾದರೆ 17 ಗ್ರಾಂ. ಶೇಂಗಾ ಎಣ್ಣೆಯಾದರೆ 7. ಇವು ಯಾವುದರಲ್ಲೂ ಎಎಲ್‌ಎ ಲೆಕ್ಕಕ್ಕೆ ಸಿಗುವಷ್ಟು ಇಲ್ಲ.

ಅಂದರೆ ಕುಸುಬೆ ಎಣ್ಣೆಯ ಮನೆಯಲ್ಲಿ 2.2 ಗ್ರಾಂ ಎಎಲ್‌ಎ ಎದುರು 17 ಗ್ರಾಂ ಲಿನೋಲಿಕ್ ನಿಂತಿರುತ್ತದೆ. ಕಾಳು, ಹಿಟ್ಟು, ಕರಿದ ತಿಂಡಿಯದ್ದು ಬೇರೆ. ಶೇಂಗಾ ಎಣ್ಣೆಗೆ ಬದಲಾಯಿಸಿದರೆ ಆ ಪೈಪೋಟಿ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಸಾಸಿವೆ ಎಣ್ಣೆಯ ಘಾಟು ಒಗ್ಗುವವರಿಗೆ ಇನ್ನೂ ಲಾಭ. ಅದರಲ್ಲಿ ಲಿನೋಲಿಕ್ ಕಮ್ಮಿ, ಎಎಲ್‌ಎಯೂ ಇದೆ. ಸೋಯಾ ಎಣ್ಣೆಯಲ್ಲಿ ಎಎಲ್‌ಎ ಇದೆ ಎಂದು ಡಬ್ಬಿ ಮೇಲೆ ಬರೆದಿರುತ್ತಾರೆ. ನಿಜವೇ, ಆದರೆ ಅರ್ಧಕ್ಕಿಂತ ಜಾಸ್ತಿ ಲಿನೋಲಿಕ್ಕೂ ಇದೆ.

ಲಿನೋಲಿಕ್ ವಿಷ ಅಲ್ಲ. ಅದೂ ಬೇಕಾದ ಕೊಬ್ಬೇ, ಬೆಣ್ಣೆ ಡಾಲ್ಡಾ ಬಿಟ್ಟು ಅದಕ್ಕೆ ಬಂದವರಿಗೆ ಕೆಟ್ಟ ಕೊಲೆಸ್ಟ್ರಾಲ್ ಇಳಿಯುತ್ತದೆ. ನಾನು ಹೇಳುತ್ತಿರುವುದು ಅಗಸೆಯನ್ನೇ ನಂಬಿಕೊಂಡವರ ಮಾತು. ಅವರಿಗೆ ಎಣ್ಣೆ ಬದಲಿಸುವುದು ಚಮಚ ಹೆಚ್ಚಿಸುವುದಕ್ಕಿಂತ ಜಾಸ್ತಿ ಉಪಯೋಗ. ಆದರೂ ಅದರಿಂದ ಸುಧಾರಿಸುವುದು ಮುಖ್ಯವಾಗಿ ಇಪಿಎ. ಡಿಎಚ್‌ಎ ಅಲ್ಪಸ್ವಲ್ಪ.

ಪುಣೆಯವರಿಗೆ ಇಲ್ಲಿ ಇನ್ನೊಂದು ವಿಷಯ ಹೇಳಬೇಕು. 2016ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಪುಣೆಯ 234 ಜನರ ಜೀನ್ ನೋಡಿದ್ದರು, ಹೆಚ್ಚಿನವರು ಶಾಕಾಹಾರಿಗಳು. ಡೆಲ್ಟಾ-6 ಕಿಣ್ವದ ಕೆಲಸವನ್ನು ಚುರುಕು ಮಾಡುವ ಒಂದು ಬದಲಾವಣೆ ಇವರಲ್ಲಿ ಶೇಕಡಾ 68 ಮಂದಿಗೆ ಎರಡು ಪ್ರತಿಯಲ್ಲೂ ಇತ್ತು. ಅಮೆರಿಕದವರಲ್ಲಿ ಅದು 18. ತಲೆಮಾರುಗಳಿಂದ ಸೊಪ್ಪು, ಕಾಳು ತಿಂದವರ ಮೈ ಹೀಗೆ ಒಗ್ಗಿಕೊಂಡಿರಬಹುದು. ಕೇಳಲು ಖುಷಿಯ ಸುದ್ದಿ. ಆದರೆ ಕಿಣ್ವ ಚುರುಕಾದರೆ ಅದು ಎರಡೂ ಕಡೆ ಚುರುಕು. ಎದುರಿಗೆ ಲಿನೋಲಿಕ್ ರಾಶಿ ಇದ್ದರೆ ಅದು ಒಮೆಗಾ-6 ಗುಂಪಿನ ಅರಾಕಿಡೋನಿಕ್ ಆಮ್ಲವನ್ನೇ ಜಾಸ್ತಿ ಮಾಡುತ್ತದೆ. ಆ ಅಧ್ಯಯನ ತೋರಿಸಿದ್ದೂ ಅದನ್ನೇ. ನಮ್ಮ ಅಜ್ಜಿಯರ ಕಾಲದ ಒಗ್ಗರಣೆಗೂ ಈಗಿನ 5 ಲೀಟರ್ ಕ್ಯಾನಿಗೂ ಇರುವ ಅಂತರ ಇಲ್ಲಿ ಮುಖ್ಯವಾಗುತ್ತದೆ.

ಅಗಸೆಯೋ ಆಕ್ರೋಟವೋ

ಈ ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ, ನಾನು ಅಗಸೆ ಎನ್ನುತ್ತೇನೆ. ಅಗಸೆಯಲ್ಲಿ ಎಎಲ್‌ಎ ಲಿನೋಲಿಕ್‌ಗಿಂತ ನಾಲ್ಕು ಪಟ್ಟು. ಆಕ್ರೋಟದಲ್ಲಿ ಉಲ್ಟಾ, ಲಿನೋಲಿಕ್ಕೇ ನಾಲ್ಕು ಪಟ್ಟು. 14 ಅರ್ಧಗಳು, ಅಂದರೆ 28 ಗ್ರಾಂ ಆಕ್ರೋಟ ತಿಂದರೆ ಎಎಲ್‌ಎ ಎರಡೂವರೆ ಗ್ರಾಂ, ಜೊತೆಗೆ ಲಿನೋಲಿಕ್ ಹತ್ತು ಗ್ರಾಂಗೂ ಮೇಲೆ. ತಾನೇ ತಂದ ಎಎಲ್‌ಎಗೆ ತಾನೇ ಪೈಪೋಟಿ. ಆಕ್ರೋಟ ಕೊಲೆಸ್ಟ್ರಾಲ್‌ಗೆ ಒಳ್ಳೆಯದು, ಹಸಿವಿಗೆ ಒಳ್ಳೆಯದು. ತಿನ್ನಿ. ಆದರೆ ಮೀನಿನ ಬದಲಿ ಎಂದು ತಿನ್ನಬೇಡಿ. ಬೆಲೆಯಲ್ಲೂ ಅಗಸೆ ಎಷ್ಟೋ ಅಗ್ಗ.

ಅಗಸೆಯನ್ನು ಹಾಗೇ ನುಂಗಿದರೆ ಪ್ರಯೋಜನ ಕಮ್ಮಿ. ಸಿಪ್ಪೆ ಗಟ್ಟಿ, ನುಣುಪು. ಹಲ್ಲಿಗೆ ಸಿಗದ ಕಾಳು ಇಡಿಯಾಗಿಯೇ ಹೊರಗೆ ಹೋಗುತ್ತದೆ. ಪುಡಿ ಮಾಡಲೇಬೇಕು. ಆದರೆ ಪುಡಿ ಮಾಡಿದ ಮೇಲೆ ಗಾಳಿ ತಾಗಿ ಎಣ್ಣೆ ಬೇಗ ಕೆಡುತ್ತದೆ. ಮುಂಬೈ, ಗೋವಾದ ಸೆಕೆಗೆ ಇನ್ನೂ ಬೇಗ.

ಚಟ್ನಿಪುಡಿ ಮಾಡುವವರಿಗೆ ಒಂದೆರಡು ಮಾತು. ಅಗಸೆಯನ್ನು ಸಣ್ಣ ಉರಿಯಲ್ಲಿ, ದಪ್ಪ ತಳದ ಬಾಣಲೆಯಲ್ಲಿ ಹುರಿಯಿರಿ. ಮೊದಲು ಮೆತ್ತಗೆ ಚಟಪಟ ಸದ್ದು ಬರುತ್ತದೆ. ಕಾಳು ಸ್ವಲ್ಪ ಉಬ್ಬುತ್ತದೆ, ಘಮ ಬರುತ್ತದೆ. ಆ ಹೊತ್ತಿಗೆ ತಾಟಿಗೆ ಸುರಿದುಬಿಡಿ. ಹೊಗೆ ಕಾಣುವವರೆಗೆ ಬಿಟ್ಟರೆ ಕಹಿಯಾಗುತ್ತದೆ, ಎಣ್ಣೆಯೂ ಕೆಡುತ್ತದೆ. ಪೂರ್ತಿ ಆರಿದ ಮೇಲೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಚೂರು ಹುಣಸೆ ಹಾಕಿ ತಿರುವಿ. ಬಿಸಿಯಿರುವಾಗ ತಿರುವಿದರೆ ಮಿಕ್ಸಿಯಲ್ಲಿ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಒಂದು ವಾರ, ಹತ್ತು ದಿನಕ್ಕೆ ಆಗುವಷ್ಟೇ ಮಾಡಿ ಫ್ರಿಜ್ಜಿನಲ್ಲಿ ಬಿಗಿ ಡಬ್ಬಿಯಲ್ಲಿ ಇಡಿ. ಕೆಟ್ಟಿದೆಯೋ ಇಲ್ಲವೋ ಮೂಗೇ ಹೇಳುತ್ತದೆ. ಒಳ್ಳೆಯ ಅಗಸೆಗೆ ಕಾಳಿನ ಘಮ, ಕೆಟ್ಟದ್ದಕ್ಕೆ ಪೇಂಟಿನ ವಾಸನೆ. ಬಣ್ಣಕ್ಕೆ ಬಳಸುವ ಲಿನ್‌ಸೀಡ್ ಎಣ್ಣೆ ಇದರದ್ದೇ, ಹಾಗಾಗಿ ಆ ವಾಸನೆ ಗುರುತು ಹಿಡಿಯುವುದು ಸುಲಭ. ಹಾಗೆ ಬಂದರೆ ಚೆಲ್ಲಿ. ಅಗಸೆ ಎಣ್ಣೆಯಲ್ಲಿ ಒಗ್ಗರಣೆ ಹಾಕಬೇಡಿ, ಆ ಶಾಖವನ್ನು ಅದು ತಡೆಯುವುದಿಲ್ಲ. ಪುಡಿ ತಿಂದ ಮೇಲೆ ನೀರು ಚೆನ್ನಾಗಿ ಕುಡಿಯಿರಿ, ಇಲ್ಲದಿದ್ದರೆ ಹೊಟ್ಟೆ ಬಿಗಿಯುತ್ತದೆ.

ಮೀನು ತಿನ್ನುವವರು ಯಾವ ಮೀನು ತರಬೇಕು

ಮುಂಬೈಯಲ್ಲಿ ನೆಂಟರು ಬಂದರೆ ಪಾಪ್ಲೆಟ್ ಅಥವಾ ಸುರಮಯಿ ತಂದರೇ ಸಮಾಧಾನ. ಒಮೆಗಾ-3 ವಿಷಯದಲ್ಲಿ ದುಡ್ಡಿಗೂ ಗುಣಕ್ಕೂ ಸಂಬಂಧವಿಲ್ಲ. ಮರಾಠಿಯವರ ತಾರ್ಲಿ, ತುಳುವರ ಬೂತಾಯಿ, ಎಲ್ಲ ಕಡೆಯ ಬಂಗಡೆ, ಇವೇ ಎಲ್ಲಕ್ಕಿಂತ ಅಗ್ಗ, ಇವುಗಳಲ್ಲೇ ಜಾಸ್ತಿ. ಬೊಂಬಿಲ್ ರುಚಿ ಇರಬಹುದು, ಅದರಲ್ಲಿ ನೀರೇ ಜಾಸ್ತಿ, ಕೊಬ್ಬು ಕಮ್ಮಿ. ಸಿಗಡಿಯಲ್ಲೂ ಅಷ್ಟೇ. ಪುಣೆಯಲ್ಲಿ ಸಿಗುವ ಕೆರೆಯ ರೋಹು, ಕಾಟ್ಲಾ ಸಮುದ್ರದ ತಾರ್ಲೆಗೆ ಸಾಟಿಯಲ್ಲ. ಮೋರಿ, ಅಂದರೆ ಶಾರ್ಕ್‌ನಂಥ ದೊಡ್ಡ ಬೇಟೆ ಮೀನುಗಳಲ್ಲಿ ಪಾದರಸ ಜಾಸ್ತಿ ಸೇರಿಕೊಂಡಿರುತ್ತದೆ, ಬಸುರಿಯರು ಅದನ್ನು ಬಿಡುವುದು ಒಳ್ಳೆಯದು. ತಾರ್ಲೆ, ಬಂಗಡೆ ಚಿಕ್ಕವು, ಆ ಭಯ ಕಮ್ಮಿ.

ತಾರ್ಲೆಯ ಕೊಬ್ಬು ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಮಳೆಗಾಲದಲ್ಲಿ ಸಮುದ್ರದ ತಳದ ನೀರು ಮೇಲೆ ಬಂದು ಸೂಕ್ಷ್ಮ ಪಾಚಿ ಹುಲುಸಾಗಿ ಬೆಳೆಯುತ್ತದೆ. ಅದನ್ನು ತಿಂದ ತಾರ್ಲೆ ಮಳೆ ಮುಗಿದ ಮೇಲಿನ ತಿಂಗಳುಗಳಲ್ಲಿ ಕೊಬ್ಬಿರುತ್ತದೆ. ಆಗ ಸಾರು ಕುದಿಸಿದರೆ ಮೇಲೆ ಹಳದಿ ಎಣ್ಣೆಯ ತೆಳು ಪದರ ನಿಲ್ಲುತ್ತದೆ. ಬಡಕಲು ತಾರ್ಲೆಯಲ್ಲಿ ಅದು ಕಾಣುವುದಿಲ್ಲ, ಒಮೆಗಾ-3 ಕೂಡ ಅರ್ಧಕ್ಕೂ ಇಳಿದಿರಬಹುದು. ಆ ಸಾರಿನ ಎಣ್ಣೆಯನ್ನು ಚೆಲ್ಲಬೇಡಿ, ಬೇಕಾದದ್ದು ಅದರಲ್ಲೇ ಇದೆ.

ಸಾರು ಅಥವಾ ಪುಳಿಮುಂಚಿ ಮಾಡುವುದೇ ಒಳ್ಳೆಯದು. ರವೆ ಹಚ್ಚಿ ಮುಳುಗುವಷ್ಟು ಸೂರ್ಯಕಾಂತಿ ಎಣ್ಣೆಯಲ್ಲಿ ಕರಿದರೆ ಮೀನಿನ ಕೊಬ್ಬು ಸ್ವಲ್ಪ ಎಣ್ಣೆಗೆ ಇಳಿಯುತ್ತದೆ, ಎಣ್ಣೆಯ ಲಿನೋಲಿಕ್ ಮೀನಿಗೆ ಏರುತ್ತದೆ. ತವಾದ ಮೇಲೆ ಎರಡು ಚಮಚದಲ್ಲಿ ಬೇಯಿಸಿದರೆ ನಷ್ಟ ಕಮ್ಮಿ. ಜೂನ್, ಜುಲೈ ತಿಂಗಳಲ್ಲಿ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುತ್ತದೆ. ಆ ಎರಡು ತಿಂಗಳು ಮಡಗಾವ್, ಮಾಪುಸಾದವರು ಒಣ ಬಂಗಡೆಗೆ ಹೋಗುತ್ತಾರೆ. ಒಣಗಿಸುವಾಗ, ಇಟ್ಟುಕೊಳ್ಳುವಾಗ ಈ ಕೊಬ್ಬು ಗಾಳಿಗೆ ಕೆಡುತ್ತದೆ, ಉಪ್ಪೂ ಜಾಸ್ತಿ. ರುಚಿಗೆ ತಿನ್ನಿ, ಒಮೆಗಾ ಲೆಕ್ಕಕ್ಕೆ ಹಿಡಿಯಬೇಡಿ.

ಮೀನೂ ಬೇಡ, ಡಿಎಚ್‌ಎ ಬೇಕು ಅನ್ನುವವರಿಗೆ

ಮೀನು ಕೂಡ ಡಿಎಚ್‌ಎಯನ್ನು ತಾನಾಗಿ ಅಷ್ಟು ಮಾಡಿಕೊಳ್ಳುವುದಿಲ್ಲ. ಅದು ಸಮುದ್ರದ ಸೂಕ್ಷ್ಮ ಪಾಚಿಯಲ್ಲಿ ಹುಟ್ಟಿ, ಪಾಚಿ ತಿಂದ ಜೀವಿಗಳ ಮೂಲಕ ಮೀನಿಗೆ ಬರುತ್ತದೆ. ಆ ಪಾಚಿಯಂಥ ಜೀವಿಗಳನ್ನು ಈಗ ಮುಚ್ಚಿದ ತೊಟ್ಟಿಗಳಲ್ಲಿ ಬೆಳೆಸಿ ಎಣ್ಣೆ ತೆಗೆಯುತ್ತಾರೆ. ಅದರ ಡಿಎಚ್‌ಎ ಮೀನಿನದ್ದರಂತೆಯೇ ಮೈಗೆ ಹತ್ತುತ್ತದೆ, ರಕ್ತದಲ್ಲಿ ಏರುವುದನ್ನು ಅಳೆದು ನೋಡಿದ್ದಾರೆ. ಕೋಥ್ರೂಡಿನ ಹುಡುಗಿಗೆ ನಾನು ಹೇಳಿದ್ದು ಇದನ್ನೇ: ಅತ್ತೆಯ ಅಗಸೆ ಚಮಚ ಇರಲಿ, ಮನೆಯ ಕುಸುಬೆ ಎಣ್ಣೆ ಶೇಂಗಾಕ್ಕೆ ಬದಲಾಗಲಿ, ಡಾಕ್ಟರನ್ನು ಕೇಳಿ ದಿನಕ್ಕೆ 200 ಮಿಲಿಗ್ರಾಂ ಡಿಎಚ್‌ಎ ಇರುವ ಪಾಚಿ ಎಣ್ಣೆಯ ಕ್ಯಾಪ್ಸೂಲ್ ಶುರುಮಾಡು, ಹಾಲೂಡಿಸುವವರೆಗೂ ಮುಂದುವರಿಸು.

ಅಂಗಡಿಯಲ್ಲಿ ಡಬ್ಬಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಬೇಕು. ಮುಂದೆ ‘ವೆಜ್ ಒಮೆಗಾ-3, 1000 ಮಿಲಿಗ್ರಾಂ’ ಎಂದಿರುತ್ತದೆ. ಹಿಂದೆ ಅಗಸೆ ಎಣ್ಣೆ ಎಂದಿದ್ದರೆ ಒಳಗಿರುವುದು ಅರ್ಧ ಗ್ರಾಂ ಎಎಲ್‌ಎ ಅಷ್ಟೇ. ಅಷ್ಟಕ್ಕೆ ಅತ್ತೆಯ ದೊಡ್ಡ ಚಮಚದ ಕಾಲು ಭಾಗ ಅಗಸೆ ಪುಡಿ ಸಾಕು. ‘ಒಮೆಗಾ 3-6-9’ ಬೇಡವೇ ಬೇಡ. 6 ನಮ್ಮ ಎಣ್ಣೆಯಲ್ಲಿ ಬೇಕಾದಷ್ಟಿದೆ, 9 ಮೈಯೇ ಮಾಡಿಕೊಳ್ಳುತ್ತದೆ. ಮೀನೆಣ್ಣೆಯ 1000 ಮಿಲಿಗ್ರಾಂ ಕ್ಯಾಪ್ಸೂಲಿನಲ್ಲೂ ಸಾಮಾನ್ಯವಾಗಿ 180 ಇಪಿಎ, 120 ಡಿಎಚ್‌ಎ ಇರುತ್ತದೆ, ಉಳಿದದ್ದು ಬೇರೆ ಕೊಬ್ಬು. ಹುಡುಕಬೇಕಾದದ್ದು ‘ಡಿಎಚ್‌ಎ ಇಷ್ಟು ಮಿಲಿಗ್ರಾಂ’ ಎಂಬ ಸಾಲು. ಎಣ್ಣೆ ಪಾಚಿಯದ್ದಾದರೂ ಹೊರಗಿನ ಕವಚ ಜೆಲಾಟಿನ್ ಆಗಿರಬಹುದು, ಶಾಕಾಹಾರಿಗಳು ಹಸಿರು ಗುರುತು ನೋಡಿಕೊಳ್ಳಿ. ಬಸುರಿಯರು ಕಾಡ್ ಲಿವರ್ ಎಣ್ಣೆ ತೆಗೆದುಕೊಳ್ಳಬಾರದು, ಅದರಲ್ಲಿ ವಿಟಮಿನ್ ಎ ಜಾಸ್ತಿ.

ಮೊಟ್ಟೆ ತಿನ್ನುವ ಶಾಕಾಹಾರಿಗಳಿಗೆ ನಡುವಿನ ದಾರಿಯೊಂದಿದೆ. ಅಗಸೆ ತಿನ್ನಿಸಿ ಬೆಳೆಸಿದ ಕೋಳಿಯ ಮೊಟ್ಟೆಯಲ್ಲಿ ಡಿಎಚ್‌ಎ ಮಾಮೂಲಿ ಮೊಟ್ಟೆಗಿಂತ ಜಾಸ್ತಿ ಇರುತ್ತದೆ. ಎಎಲ್‌ಎಯನ್ನು ಬದಲಿಸುವ ಕೆಲಸವನ್ನು ಕೋಳಿ ನಮಗಿಂತ ಚೆನ್ನಾಗಿ ಮಾಡುತ್ತದೆ. ಡಬ್ಬದ ಮೇಲೆ ಒಮೆಗಾ-3 ಎಂದು ಮಾತ್ರ ಇದ್ದರೆ ಸಾಲದು, ಡಿಎಚ್‌ಎ ಎಷ್ಟು ಎಂದು ಬರೆದದ್ದನ್ನು ಕೊಳ್ಳಿ.

ರಕ್ತ ತೆಳು ಮಾಡುವ ಔಷಧಿ ತೆಗೆದುಕೊಳ್ಳುವವರು, ಹೃದಯದ ಬಡಿತ ಏರುಪೇರು ಇರುವವರು ದೊಡ್ಡ ಪ್ರಮಾಣದ ಮೀನೆಣ್ಣೆಯನ್ನು ತಾವಾಗಿ ಶುರುಮಾಡಬಾರದು. ದಿನಕ್ಕೆ ಒಂದು ಗ್ರಾಂ ದಾಟುವ ಇಪಿಎ, ಡಿಎಚ್‌ಎಯಿಂದ ಬಡಿತದ ತೊಂದರೆ ಹೆಚ್ಚುವುದು ಪ್ರಯೋಗಗಳಲ್ಲಿ ಕಂಡಿದೆ. ವಾರಕ್ಕೆ ಎರಡು ಸಲದ ತಾರ್ಲೆಗೆ ಈ ಮಾತು ತಾಗುವುದಿಲ್ಲ.

ತನ್ನ ಮೈ ಎಷ್ಟು ಬದಲಿಸಿಕೊಳ್ಳುತ್ತದೆ ಎಂದು ತಿಳಿಯಲೇಬೇಕು ಅನ್ನುವವರಿಗೆ ಒಮೆಗಾ-3 ಇಂಡೆಕ್ಸ್ ಎಂಬ ರಕ್ತ ಪರೀಕ್ಷೆ ಇದೆ. ಕೆಂಪು ರಕ್ತಕಣದ ಪೊರೆಯ ಕೊಬ್ಬಿನಲ್ಲಿ ಇಪಿಎ, ಡಿಎಚ್‌ಎ ಶೇಕಡಾ ಎಷ್ಟು ಎಂದು ಅದು ಹೇಳುತ್ತದೆ. 8ರ ಮೇಲಿದ್ದರೆ ಒಳ್ಳೆಯದು, 4ರ ಕೆಳಗೆ ಕಮ್ಮಿ. ಎಲ್ಲರಿಗೂ ಬೇಕಾದ ಪರೀಕ್ಷೆ ಅಲ್ಲ, ದುಬಾರಿಯೂ ಹೌದು. ಮಾಡಿಸುವುದಾದರೆ ಊಟ ಬದಲಿಸುವ ಮುಂಚೆ ಒಮ್ಮೆ, ಬದಲಿಸಿ ನಾಲ್ಕು ತಿಂಗಳಾದ ಮೇಲೆ ಇನ್ನೊಮ್ಮೆ ಮಾಡಿಸಿ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಅದಕ್ಕೂ ಮುಂಚೆ ನೋಡಿದರೆ ಹಳೆಯ ಊಟದ ಲೆಕ್ಕವೂ ಅದರಲ್ಲಿ ಬೆರೆತಿರುತ್ತದೆ.